ಪುಟದ ಜೀವನಚರಿತ್ರೆ ಮಾತಿಗಿಳಿದಾಗ

‘1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾದರು.’

ಪುಸ್ತಕದಲ್ಲಿ ಇಂಥ ವಾಕ್ಯಕ್ಕೆ ಯಾವ ತಕರಾರೂ ಇಲ್ಲ. ರೇಡಿಯೊದಲ್ಲೋ ಆಡಿಯೊ ಪುಸ್ತಕದಲ್ಲೋ ಓದಿಸಿದರೆ ಮಾತ್ರ ಕೇಳುಗ ಸೋಲುತ್ತಾನೆ. ಹುಟ್ಟಿದ್ದು ಯಾರು, ಓದಿದ್ದು ಯಾರು ಎಂದು ಕಾಯುತ್ತಲೇ ಇರಬೇಕು. ಹೆಸರು ಬರುವ ಹೊತ್ತಿಗೆ ಊರು ಮರೆತಿರುತ್ತದೆ. ಕನ್ನಡದಲ್ಲಿ ಜನಿಸಿ, ಮಾಡಿ, ಮುಗಿಸಿ ಎಂದು ಎಷ್ಟು ಉದ್ದಕ್ಕೆ ಬೇಕಾದರೂ ಪೋಣಿಸಬಹುದು. ಬರೆಯುವವರಿಗೆ ಅನುಕೂಲ, ಓದುವವರ ಉಸಿರಿಗೆ ಸಂಕಟ.

ಮಾತಿಗೆ ಇಳಿಸುವವರು ಹೆಸರನ್ನು ಮೊದಲಿಗೆ ತರುತ್ತಾರೆ, ಒಂದು ವಾಕ್ಯಕ್ಕೆ ಒಂದೇ ಸಂಗತಿ ಇಡುತ್ತಾರೆ: ‘ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಓದೋಕೆ ಬೆಂಗಳೂರಿಗೆ ಬಂದರು. ಸೆಂಟ್ರಲ್ ಕಾಲೇಜು ಸೇರಿದರು. ಆಮೇಲೆ ಪುಣೆಗೆ ಹೋಗಿ ಎಂಜಿನಿಯರ್ ಆದರು. ಕೆಲಸ ಸಿಕ್ಕಿದ್ದು ಮುಂಬಯಿ ಸರ್ಕಾರದಲ್ಲಿ. ಮೈಸೂರಿನ ದಿವಾನಗಿರಿ ಬಂದಿದ್ದು 1912ರಲ್ಲಿ.’ ‘ವ್ಯಾಸಂಗ’, ‘ಸೇವೆ ಸಲ್ಲಿಸಿದ’ ಎರಡೂ ಹೋದವು. ಹುಟ್ಟಿದ ಇಸವಿಯೂ ಹೋಯಿತು. ಎರಡು ಇಸವಿ ಬೆನ್ನುಬೆನ್ನಿಗೆ ಬಂದರೆ ಕಿವಿಯಲ್ಲಿ ಒಂದೂ ಉಳಿಯುವುದಿಲ್ಲ. ಕೊನೆಯಲ್ಲಿ ‘ಹುಟ್ಟಿದ್ದು’, ‘ಸಿಕ್ಕಿದ್ದು’, ‘ಬಂದಿದ್ದು’ ಎಂಬ ಧಾಟಿ ಗಮನಿಸಿ. ಮಾತಾಡುವಾಗ ನಾವು ಒತ್ತು ಕೊಡುವುದೇ ಹೀಗೆ. ಆದರೆ ಎಲ್ಲ ಸಾಲಿಗೂ ಇದನ್ನೇ ಹಚ್ಚಿದರೆ ಹರಿಕಥೆಯ ಅಣಕವಾಗುತ್ತದೆ.

ತುಂಡರಿಸುವುದಕ್ಕೂ ಮಿತಿಯಿದೆ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ ಪ್ರಸಂಗ ನೋಡಿ. ‘ನೀರು ಏರಿತು. ಬಾಗಿಲು ತೆರೆಯಿತು. ನೀರು ಇಳಿಯಿತು. ಬಾಗಿಲು ಮುಚ್ಚಿತು’ ಎಂದರೆ ತಂತಿ ಸಂದೇಶದಂತೆ ಕೇಳುತ್ತದೆ. ಜೊತೆಗೆ ಯಾರೋ ನಿಂತು ಬಾಗಿಲು ತೆರೆದರೇನೋ ಎಂಬ ಅನುಮಾನವೂ ಉಳಿಯುತ್ತದೆ. ಇಲ್ಲಿ ಕಾರಣ ಮತ್ತು ಪರಿಣಾಮ ಒಂದೇ ಉಸಿರಿನಲ್ಲಿರಬೇಕು: ‘ನೀರು ಒಂದು ಮಟ್ಟ ದಾಟಿತು ಅಂದರೆ ಬಾಗಿಲು ತಾನಾಗೇ ತೆರೆಯೋದು. ಇಳಿದರೆ ತಾನಾಗೇ ಮುಚ್ಚೋದು. ಯಾರೂ ಕೈ ಹಾಕಬೇಕಿರಲಿಲ್ಲ.’ ಒಂದು ನಡುಗಾತ್ರದ ವಾಕ್ಯ, ಆಮೇಲೆ ಎರಡು ಗಿಡ್ಡವು. ಲಯ ಹುಟ್ಟುವುದು ಈ ಏರಿಳಿತದಿಂದ.

ಇನ್ನೊಂದು ತೊಡಕು ‘ಅವರು’. ದಿವಾನರ ಜೀವನಚರಿತ್ರೆಯಲ್ಲಿ ಮಹಾರಾಜರೂ ‘ಅವರು’, ದಿವಾನರೂ ‘ಅವರು’. ಪುಟದಲ್ಲಿ ಕಣ್ಣು ಹಿಂದಕ್ಕೆ ಹೋಗಿ ನೋಡಿಕೊಳ್ಳುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ಇಬ್ಬರು ಎದುರಾದಾಗಲೆಲ್ಲ ‘ಮಹಾರಾಜರು’, ‘ವಿಶ್ವೇಶ್ವರಯ್ಯನವರು’ ಎಂದು ಮತ್ತೆ ಹೇಳಲೇಬೇಕು. ಬರಹದಲ್ಲಿ ಇದು ಪುನರುಕ್ತಿ, ಮಾತಿನಲ್ಲಿ ಅಲ್ಲ.

ಪರೀಕ್ಷೆ ಸುಲಭ. ಬರೆದವರು ಸುಮ್ಮನಿರಲಿ, ಬೇರೊಬ್ಬರು ಮೊದಲ ಸಲಕ್ಕೇ ಗಟ್ಟಿಯಾಗಿ ಓದಲಿ. ಅವರು ತಡವರಿಸಿದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ, ಆ ವಾಕ್ಯಗಳನ್ನಷ್ಟೇ ಮತ್ತೆ ಒಡೆಯಿರಿ.