ಎರಡು ಮಿಲಿಮೀಟರ್ ಲೆಕ್ಕ

ಆಪರೇಷನ್ ಆಗಿ ಮೂರನೇ ವಾರಕ್ಕೆ ಅವರು ಮತ್ತೆ ನಮ್ಮ ವಾರ್ಡಿಗೆ ಬಂದರು. ಅರವತ್ತು ದಾಟಿದ ರೈತರು, ಜೊತೆಗೆ ಹೆಂಡತಿ. ಗುದನಾಳದ ಕ್ಯಾನ್ಸರ್ ತೆಗೆದ ಮೇಲೆ ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಹೊಲಿದಿದ್ದರು. ಇದಕ್ಕೆ ಕೊಲೊಸ್ಟಮಿ ಎನ್ನುತ್ತಾರೆ, ಹೊರಗೆ ಕಾಣುವ ಕರುಳಿನ ಬಾಯಿಗೆ ಸ್ಟೋಮಾ ಎನ್ನುತ್ತಾರೆ.

"ಸಿಸ್ಟರ್, ಪ್ಲೇಟ್ ಒಂದು ದಿನಾನೂ ನಿಲ್ತಿಲ್ಲ. ಸುತ್ತ ಬೆಂಕಿ ಇಟ್ಟ ಹಾಗೆ ಉರಿ" ಎಂದರು.

ಪ್ಲೇಟ್ ಎಂದರೆ ಚರ್ಮಕ್ಕೆ ಅಂಟುವ ಫ್ಲ್ಯಾಂಜ್. ಅದರ ಮೇಲೆ ಮಲ ತುಂಬುವ ಬ್ಯಾಗ್ ಕೂರುತ್ತದೆ. ಬಿಚ್ಚಿ ನೋಡಿದೆ. ಸ್ಟೋಮಾ ಚೆನ್ನಾಗಿತ್ತು, ಬಾಯಿಯ ಒಳಗಿನ ಚರ್ಮದ ಹಾಗೆ ಕೆಂಪಗೆ ತೇವವಾಗಿತ್ತು. ಆದರೆ ಅದರ ಸುತ್ತ ಉಂಗುರದ ಆಕಾರದಲ್ಲಿ ಚರ್ಮ ಸುಲಿದಿತ್ತು. ಆ ಉಂಗುರ ನೋಡಿದ ಕೂಡಲೇ ಕಾರಣ ಗೊತ್ತಾಯಿತು. ತಪ್ಪು ಅವರದಲ್ಲ, ನಾನು ಕಲಿಸಿದ ಪಾಠದಲ್ಲಿ ಒಂದು ಮಾತು ಅವರ ಕಿವಿಗೆ ಬಿದ್ದಿದ್ದರೂ ಮನಸ್ಸಿಗೆ ಇಳಿದಿರಲಿಲ್ಲ.

ಪಾಠ ಶುರುವಾಗುವುದು ಆಪರೇಷನ್ನಿಗೆ ಮೊದಲೇ. ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಹೊಟ್ಟೆ ಎಲ್ಲಿ ಮಡಚುತ್ತದೆ ಎಂದು ನೋಡುತ್ತೇವೆ. ಇವರು ಪಂಚೆ ಉಡುವವರು, ಹಾಗಾಗಿ ಗಂಟು ಬರುವ ಜಾಗ ಬಿಟ್ಟು, ಅವರ ಕಣ್ಣಿಗೇ ಕಾಣುವಂಥ ಸಪಾಟಾದ ಕಡೆ ಗುರುತು ಹಾಕಿದ್ದೆವು. ಮಡಿಕೆಯ ಮೇಲೆ ಸ್ಟೋಮಾ ಬಂದರೆ ಪ್ಲೇಟ್ ಎಷ್ಟು ಒಳ್ಳೆಯದಾದರೂ ಬಿಟ್ಟುಕೊಳ್ಳುತ್ತದೆ.

ಆಪರೇಷನ್ ಆದ ಮೊದಲ ಎರಡು ದಿನ ಅವರಿಗೆ ಸುಮ್ಮನೆ ನೋಡುವ ಕೆಲಸ. ಅನೇಕರು ಹೆದರಿ ಮುಖ ತಿರುಗಿಸುತ್ತಾರೆ. ಕರುಳಿಗೆ ಮುಟ್ಟಿದರೆ ನೋಯುವ ನರಗಳಿಲ್ಲ, ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ ಎಂದು ಹೇಳಿದ ಮೇಲೆ ಇವರು ಬೆರಳು ತಾಗಿಸಿ ನೋಡಿದರು. ಮೂರನೇ ದಿನ ಬ್ಯಾಗ್ ಖಾಲಿ ಮಾಡುವುದನ್ನು ಕಲಿತರು. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು. ಪೂರ್ತಿ ತುಂಬಲು ಬಿಟ್ಟರೆ ಅದರ ಭಾರಕ್ಕೇ ಪ್ಲೇಟ್ ಕಿತ್ತುಬರುತ್ತದೆ.

ಐದನೇ ದಿನ ಪ್ಲೇಟ್ ಬದಲಿಸುವ ಪಾಠ. ಬೆಳಗ್ಗೆ ಏನೂ ತಿನ್ನುವ ಮೊದಲು ಕರುಳು ಸುಮ್ಮನಿರುತ್ತದೆ, ಅದೇ ಸರಿಯಾದ ಹೊತ್ತು. ಹೊಸ ಪ್ಲೇಟ್, ಕತ್ತರಿ, ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಹಳೆಯದನ್ನು ಸುತ್ತಲು ಕಾಗದ ಎಲ್ಲವನ್ನೂ ಮೊದಲೇ ಹತ್ತಿರ ಇಟ್ಟುಕೊಂಡರು. ಒಂದು ಕೈಯಿಂದ ಚರ್ಮ ಒತ್ತಿ ಹಿಡಿದು, ಇನ್ನೊಂದರಿಂದ ಪ್ಲೇಟನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಬಿಡಿಸಿದರು. ನೀರಿನಲ್ಲಿ ಒರೆಸಿ, ಉಜ್ಜದೆ ಒತ್ತಿ ಒತ್ತಿ ಚರ್ಮ ಆರಿಸಿದರು. ಡೆಟಾಲ್, ಸ್ಪಿರಿಟ್ ಚರ್ಮವನ್ನು ಒಣಗಿಸಿ ಕೆಡಿಸುತ್ತವೆ. ಎಣ್ಣೆ, ಕ್ರೀಮ್, ಮೈಗೆ ಹಚ್ಚುವ ಪೌಡರ್ ಇದ್ದರೆ ಅಂಟು ಹಿಡಿಯುವುದೇ ಇಲ್ಲ.

ಆಮೇಲೆ ಅಳತೆ. ರಂಧ್ರಗಳಿರುವ ಅಳತೆಪಟ್ಟಿಯನ್ನು ಸ್ಟೋಮಾದ ಮೇಲಿಟ್ಟು ನೋಡಿದಾಗ ಆ ದಿನ ಅಡ್ಡಗಲ 38 ಮಿಲಿಮೀಟರ್. ಪ್ಲೇಟಿನ ರಂಧ್ರ ಅದಕ್ಕಿಂತ ಎರಡು ಮಿಲಿಮೀಟರ್ ಮಾತ್ರ ಹೆಚ್ಚು, ಅಂದರೆ 40. ಅದಕ್ಕಿಂತ ಬಿಗಿಯಾದರೆ ಕರುಳಿಗೆ ಗಾಯ, ಸಡಿಲವಾದರೆ ಮಲ ಚರ್ಮಕ್ಕೆ ತಾಗುತ್ತದೆ. ಕತ್ತರಿಸಿದ ಪ್ಲೇಟನ್ನು ಅಂಗೈಗಳ ನಡುವೆ ಬಿಸಿ ಮಾಡಿ ಅಂಟಿಸಿ, ಒಂದೆರಡು ನಿಮಿಷ ಕೈಯಿಂದ ಒತ್ತಿ ಹಿಡಿಯಬೇಕು. ಆ ಅಂಟು ಮೈಯ ಬಿಸಿಗೆ ಮೆತ್ತಗಾಗಿ ಕಚ್ಚಿಕೊಳ್ಳುವಂಥದ್ದು. ಹೀಗೆ ಹಾಕಿದ್ದು ಸಾಮಾನ್ಯವಾಗಿ ಮೂರು ನಾಲ್ಕು ದಿನ ನಿಲ್ಲುತ್ತದೆ. ಏಳನೇ ದಿನ ಅವರೇ ಎಲ್ಲವನ್ನೂ ಮಾಡಿದರು, ನಾನು ಕೈಕಟ್ಟಿ ನಿಂತು ನೋಡಿದೆ. ಮಾಡಿ ತೋರಿಸುವವರೆಗೆ ಕಲಿತರು ಎಂದು ನಾವು ಬರೆಯುವುದಿಲ್ಲ.

ಹಾಗಾದರೆ ಮೂರನೇ ವಾರ ಕೆಟ್ಟಿದ್ದೆಲ್ಲಿ? ಹೊಸ ಸ್ಟೋಮಾ ಊದಿಕೊಂಡಿರುತ್ತದೆ. ಆರರಿಂದ ಎಂಟು ವಾರದಲ್ಲಿ ಊತ ಇಳಿದು ಚಿಕ್ಕದಾಗುತ್ತದೆ. ಆ ದಿನ ಅಳೆದರೆ 30 ಮಿಲಿಮೀಟರ್! ಅವರು ಮನೆಯಲ್ಲಿ ಹಳೆಯ ಅಚ್ಚನ್ನೇ ಇಟ್ಟು 40 ಕತ್ತರಿಸುತ್ತಿದ್ದರು. ಸುತ್ತಲೂ ಐದು ಮಿಲಿಮೀಟರ್ ಚರ್ಮ ಬರಿದಾಗಿ, ಹಗಲು ರಾತ್ರಿ ಮಲದ ತೇವದಲ್ಲೇ ಇತ್ತು. ಚರ್ಮ ಸುಲಿದು ನೀರು ಒಸರಿತು, ಒದ್ದೆಗೆ ಅಂಟು ಬಿಟ್ಟಿತು, ಬಿಟ್ಟದ್ದರಿಂದ ಇನ್ನಷ್ಟು ಸೋರಿತು. ಉರಿ ತಾಳದೆ ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿದ್ದರು, ಅದರ ಮೇಲೆ ಪ್ಲೇಟ್ ಇನ್ನೂ ಬೇಗ ಜಾರಿತು.

ಚರ್ಮ ತನ್ನ ಕಾಯಿಲೆಯನ್ನು ಆಕಾರದಲ್ಲೇ ಹೇಳುತ್ತದೆ. ಸ್ಟೋಮಾದ ಸುತ್ತ ಉಂಗುರ ಇದ್ದರೆ ರಂಧ್ರ ದೊಡ್ಡದು. ಪ್ಲೇಟಿನಷ್ಟೇ ಅಗಲಕ್ಕೆ ಕೆಂಪಾಗಿದ್ದರೆ ಅಂಟಿನ ಅಲರ್ಜಿ ಇರಬಹುದು. ಕೆಂಪಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಬಿಡಿಬಿಡಿಯಾಗಿ ಹರಡಿ ತುರಿಸುತ್ತಿದ್ದರೆ ಫಂಗಸ್ ಸೋಂಕಿನ ಅನುಮಾನ, ಅದನ್ನು ಡಾಕ್ಟರೇ ನೋಡಬೇಕು. ಬಿಚ್ಚಿದ ಪ್ಲೇಟಿನ ಹಿಂಭಾಗವನ್ನೂ ತಿರುಗಿಸಿ ನೋಡಿ. ಮಲ ಯಾವ ಕಡೆ ನುಗ್ಗಿದೆಯೋ ಸೋರುವ ದಾರಿ ಅಲ್ಲೇ ಇದೆ.

ಅವತ್ತು ಎಣ್ಣೆಯಂಶ ಪೂರ್ತಿ ತೊಳೆದು, ಒಸರುವ ಕಡೆ ಮಾತ್ರ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, 32ರ ರಂಧ್ರ ಕತ್ತರಿಸಿ ಅಂಟಿಸಿದೆವು. ಹಳೆಯ ಅಚ್ಚನ್ನು ಅವರೆದುರೇ ಹರಿದು ಹಾಕಿ, ಪ್ರತಿ ಸಲ ಬದಲಿಸುವಾಗಲೂ ಅಳೆದು ಮನೆಯ ಕ್ಯಾಲೆಂಡರಿನಲ್ಲಿ ಬರೆಯಲು ಹೇಳಿದೆ.

ಊಟದ ಮಾತು ಎತ್ತಿದ್ದು ಹೆಂಡತಿ. "ಬ್ಯಾಗ್ ತುಂಬುತ್ತೆ ಅಂತ ರಾತ್ರಿ ಊಟಾನೇ ಬಿಟ್ಟಿದಾರೆ ಸಿಸ್ಟರ್." ಇದು ಬಹಳ ಮಂದಿ ಮಾಡುವ ತಪ್ಪು. ಖಾಲಿ ಹೊಟ್ಟೆಯಲ್ಲಿ ಗ್ಯಾಸ್ ಹೆಚ್ಚು, ಬ್ಯಾಗ್ ಬಲೂನಿನ ಹಾಗೆ ಊದುತ್ತದೆ. ಮೊದಲ ಕೆಲವು ವಾರ ಗಂಜಿ, ಇಡ್ಲಿ, ಮೊಸರನ್ನ, ಚೆನ್ನಾಗಿ ಬೆಂದ ಬೇಳೆ ಇಂಥ ಮೆತ್ತಗಿನ ಊಟವನ್ನು ಸ್ವಲ್ಪ ಸ್ವಲ್ಪವಾಗಿ, ಹೊತ್ತಿಗೆ ಸರಿಯಾಗಿ, ಅಗಿದು ತಿನ್ನಬೇಕು. ಆಮೇಲೆ ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿ ಎರಡು ಮೂರು ದಿನ ನೋಡಬೇಕು. ಅವರೆಕಾಳು, ಎಲೆಕೋಸು ಗ್ಯಾಸ್ ಮಾಡುತ್ತವೆ, ಈರುಳ್ಳಿ, ಮೊಟ್ಟೆ, ಮೀನು ವಾಸನೆ ಹೆಚ್ಚಿಸುತ್ತವೆ. ಆದರೆ ಯಾವುದು ಯಾರಿಗೆ ಒಗ್ಗುವುದಿಲ್ಲ ಎಂಬುದು ಅವರವರ ಹೊಟ್ಟೆಯೇ ಹೇಳಬೇಕು. ಮಲ ನೀರಾದರೆ ಬಾಳೆಹಣ್ಣು, ಅನ್ನ, ಸಬ್ಬಕ್ಕಿ ಗಟ್ಟಿ ಮಾಡುತ್ತವೆ. ಎಡಭಾಗದ ಕೊಲೊಸ್ಟಮಿಯಲ್ಲಿ ಮಲಬದ್ಧತೆಯೂ ಬರುತ್ತದೆ. ಬೇರೆ ಕಾಯಿಲೆಗೆ ಡಾಕ್ಟರು ನೀರು ಕಡಿಮೆ ಮಾಡಲು ಹೇಳಿರದಿದ್ದರೆ ಚೆನ್ನಾಗಿ ನೀರು, ಮಜ್ಜಿಗೆ ಕುಡಿಯಬೇಕು. ಕ್ರಮೇಣ ಮುದ್ದೆ, ಸೊಪ್ಪು, ಪಪ್ಪಾಯಿಗೆ ಮರಳಬಹುದು. ಭೇದಿ ಮಾತ್ರೆಯನ್ನು ಮಾತ್ರ ಕೇಳದೆ ನುಂಗಬಾರದು.

ಕೆಲವಕ್ಕೆ ಮಾತ್ರ ಕಾಯಬಾರದು. ಸ್ಟೋಮಾ ನೇರಳೆ ಅಥವಾ ಕಪ್ಪಾದರೆ ಅದಕ್ಕೆ ರಕ್ತ ಹೋಗುತ್ತಿಲ್ಲ ಎಂದರ್ಥ. ಮಲ, ಗ್ಯಾಸ್ ಎರಡೂ ನಿಂತು ಹೊಟ್ಟೆ ಉಬ್ಬರಿಸಿ ವಾಂತಿ ಬಂದರೆ ಕರುಳು ಕಟ್ಟಿರಬಹುದು. ಕರುಳಿನ ಒಳಗಿನಿಂದ ರಕ್ತ ಹರಿದರೆ, ಸ್ಟೋಮಾ ಇದ್ದಕ್ಕಿದ್ದಂತೆ ಒಳಗೆ ಸರಿದರೆ ಅಥವಾ ಉದ್ದಕ್ಕೆ ಹೊರಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಎಂಟನೇ ವಾರ ಅವರು ಕ್ಯಾಲೆಂಡರಿನ ಹಾಳೆಗಳನ್ನೇ ಮಡಚಿ ತಂದಿದ್ದರು. ತಾರೀಕುಗಳ ಕೆಳಗೆ ಪೆನ್ಸಿಲಿನಲ್ಲಿ 30, 29, 28, 27, 27, 27. ಕೊನೆಯ ಮೂರು ಸಲ ಒಂದೇ ಅಂಕಿ. ಸುತ್ತಲಿನ ಚರ್ಮ ಹೊಟ್ಟೆಯ ಉಳಿದ ಚರ್ಮದ ಬಣ್ಣಕ್ಕೇ ತಿರುಗಿತ್ತು. "ಇನ್ನು ಅಚ್ಚು ಮಾಡಿಟ್ಟುಕೊಳ್ಳಬಹುದಾ ಸಿಸ್ಟರ್?" ಎಂದು ಕೇಳಿದರು. ದಪ್ಪ ಕಾಗದದ ಮೇಲೆ 29ರ ವೃತ್ತ ಬರೆದು ಅವರ ಕೈಗೆ ಕೊಟ್ಟೆ.