ಮೂರು ಬತ್ತಿ ಹಚ್ಚಿದರೆ ನೀರು ಹೆಚ್ಚು ಏರುವುದೇಕೆ?

ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಬಾಟಲಿ. ಬತ್ತಿ ಆರುತ್ತದೆ, ನೀರು ಒಳಗೆ ಏರುತ್ತದೆ. 'ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು' ಎಂಬ ವಿವರಣೆ ನಮಗೆಲ್ಲ ಬಾಯಿಪಾಠ. ಪ್ರಯೋಗ ಸರಿ, ವಿವರಣೆ ಸರಿಯಿಲ್ಲ. ಅದನ್ನು ಮಕ್ಕಳೇ ಕಂಡುಹಿಡಿಯಲು ಒಂದು ನಿಮಿಷ ಸಾಕು.

ತರಗತಿಗೆ ಮೊದಲೇ ಅಂಚಿರುವ ಎರಡು ಊಟದ ತಟ್ಟೆಗಳನ್ನು ಇಟ್ಟುಕೊಳ್ಳಿ. ಒಂದರಲ್ಲಿ ಹುಟ್ಟುಹಬ್ಬದ ಒಂದು ಮೇಣದಬತ್ತಿ, ಇನ್ನೊಂದರಲ್ಲಿ ಅಂಥವೇ ಮೂರು, ಕರಗಿದ ಮೇಣದಿಂದ ಅಂಟಿಸಿ. ಎರಡಕ್ಕೂ ಒಂದು ಬೆರಳಗಲದಷ್ಟು ನೀರು ಹಾಕಿ, ಎರಡು ಹನಿ ಶಾಯಿ ಬೆರೆಸಿ. ಒಂದೇ ಅಳತೆಯ, ಅಗಲ ಬಾಯಿಯ ಎರಡು ಗಾಜಿನ ಬಾಟಲಿಗಳು ಪಕ್ಕದಲ್ಲಿರಲಿ. ಫ್ಯಾನ್ ಆರಿಸಿ, ಬತ್ತಿಗಳನ್ನು ಹಚ್ಚಿ.

0–10 ಸೆಕೆಂಡ್: "ಮಕ್ಕಳೇ, ಎರಡೂ ಬಾಟಲಿಯಲ್ಲಿ ಇರುವುದು ಅಷ್ಟೇ ಗಾಳಿ. ನೀರು ಯಾವುದರಲ್ಲಿ ಹೆಚ್ಚು ಏರಬಹುದು? ಕೈ ಎತ್ತಿ."

10–30: ಎರಡನ್ನೂ ಒಟ್ಟಿಗೆ ಬೋರಲು ಹಾಕಿ. "ಬಾಟಲಿಯ ಬಾಯಿ ನೋಡಿ. ಗುಳ್ಳೆ ಹೊರಗೆ ಬಂತೇ?"

30–45: ಬತ್ತಿಗಳು ಆರುತ್ತವೆ. "ನೀರು ಜೋರಾಗಿ ಏರಿದ್ದು ಉರಿಯುವಾಗಲೋ, ಆರಿದ ಮೇಲೋ?"

45–60: "ಆಮ್ಲಜನಕ ಎರಡರಲ್ಲೂ ಅಷ್ಟೇ ಇತ್ತು. ಮತ್ತೆ ಮೂರು ಬತ್ತಿಯ ಕಡೆ ನೀರು ಹೆಚ್ಚು ಏರಿದ್ದು ಹೇಗೆ?"

ಉತ್ತರ ಆ ಗುಳ್ಳೆಯಲ್ಲಿದೆ. ಬತ್ತಿಯ ಶಾಖಕ್ಕೆ ಗಾಳಿ ಹಿಗ್ಗುತ್ತದೆ. ಒಂದಿಷ್ಟು ಗಾಳಿ ಬಾಟಲಿ ಮುಚ್ಚುವ ಮೊದಲೇ ಹೊರಗೆ ಹೋಗಿರುತ್ತದೆ, ಇನ್ನಷ್ಟು ಗುಳ್ಳೆಯಾಗಿ ನುಸುಳುತ್ತದೆ. ಬತ್ತಿ ಆರಿದೊಡನೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಗಾಳಿ ತಟ್ಟೆಯ ನೀರನ್ನು ಬಾಟಲಿಯೊಳಕ್ಕೆ ತಳ್ಳುತ್ತದೆ. ಮೂರು ಬತ್ತಿ ಹೆಚ್ಚು ಕಾಯಿಸಿದ್ದರಿಂದ ಅಲ್ಲಿ ಹೊರಹೋದ ಗಾಳಿಯೂ ಹೆಚ್ಚು.

ಆಮ್ಲಜನಕದ ಪಾತ್ರ ಇಲ್ಲವೆಂದಲ್ಲ. ಅದು ಖರ್ಚಾಗುವಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟಿ ಆ ಜಾಗವನ್ನು ಬಹುಮಟ್ಟಿಗೆ ತುಂಬುತ್ತವೆ. ನೀರಾವಿ ತಣಿದು ಗಾಜಿಗೆ ಮಂಜಿನಂತೆ ಹತ್ತುವಾಗ ಗಾಳಿ ತುಸು ಕುಗ್ಗುತ್ತದೆ, ಅಷ್ಟೆ. ಇನ್ನು ಬತ್ತಿ ಆರುವಾಗ ಆಮ್ಲಜನಕವೆಲ್ಲ ಮುಗಿದಿರುವುದೂ ಇಲ್ಲ. ಹೆಚ್ಚಿನ ಪಾಲು ಒಳಗೇ ಉಳಿದಿರುತ್ತದೆ.

ಪ್ರಯೋಗ ಕೈಕೊಡುವುದು ಸಾಮಾನ್ಯವಾಗಿ ನೀರು ಕಡಿಮೆಯಾದಾಗ. ತಟ್ಟೆಯ ನೀರೆಲ್ಲ ಒಳಗೆ ಹೋದರೆ ಗಾಳಿ ಗುಳುಗುಳು ಎಂದು ನುಗ್ಗುತ್ತದೆ, ಎರಡೂ ಕಡೆಯ ಏರಿಕೆಯನ್ನು ಹೋಲಿಸಲಾಗದು. ಜ್ವಾಲೆ ಗಾಜಿಗೆ ತಾಗಿದರೆ ಬಾಟಲಿ ಸೀಳಬಹುದು. ಬತ್ತಿ ಗಿಡ್ಡವಿರಲಿ, ಹಚ್ಚುವುದು ಶಿಕ್ಷಕರೇ ಆಗಲಿ.

ಒಂದು ಬತ್ತಿ ಇಟ್ಟು, ಏರಿದ ನೀರು ಬಾಟಲಿಯ ಐದನೇ ಒಂದು ಭಾಗದ ಹತ್ತಿರ ಬಂದರೆ 'ಗಾಳಿಯಲ್ಲಿ ಆಮ್ಲಜನಕ ಇಷ್ಟೇ' ಎಂದು ಬರೆಸಿಬಿಡುವ ಆಸೆಯಾಗುತ್ತದೆ. ಬರೆಸಬೇಡಿ. ಪಕ್ಕದಲ್ಲಿ ಮೂರು ಬತ್ತಿಯ ತಟ್ಟೆ ಇಡಿ.