ಒಂದೇ ಸಿಂಫನಿ, ಹಲವು ರೆಕಾರ್ಡಿಂಗ್: ಯಾವುದನ್ನು ಕೇಳಬೇಕು?

ಬೀಥೋವನ್‌ನ ಐದನೇ ಸಿಂಫನಿಯ ಆರಂಭದ ನಾಲ್ಕು ಸ್ವರಗಳನ್ನು ಕೇಳದವರು ಕಡಿಮೆ. ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. 1808ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಲಾದ ಈ ಕೃತಿಯ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಿದರೆ ಹತ್ತಾರು ರೆಕಾರ್ಡಿಂಗ್‌ಗಳು ಎದುರಾಗುತ್ತವೆ. ಮೊದಲು ಕಂಡದ್ದನ್ನೇ ಒತ್ತಿ, ಅದು ಮಂಕಾಗಿದ್ದರೆ, ‘ಸಿಂಫನಿ ನಮಗೆ ಹೇಳಿದ್ದಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಬೇಸರ ತರಿಸಿದ್ದು ಕೃತಿಯೋ, ಅದನ್ನು ನುಡಿಸಿದ ರೀತಿಯೋ ಎಂದು ತಿಳಿಯುವುದು ಹೇಗೆ? ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಒಂದೇ ನಾತನ್ನು ಇಬ್ಬರು ಹಾಡಿದರೆ ರಾಗವೇ ಬೇರೆಯಾಗಿರಬಹುದು. ಸಿಂಫನಿಯಲ್ಲಿ ಹಾಗಾಗುವುದಿಲ್ಲ. ಪ್ರತಿ ವಾದ್ಯದ ಪ್ರತಿ ಸ್ವರವೂ ಕಾಗದದ ಮೇಲೆ ಬರೆದಿರುತ್ತದೆ. ಆದರೂ ಎಷ್ಟು ವೇಗ, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ವಾದ್ಯ ಮುಂದೆ ಕೇಳಬೇಕು ಎಂಬುದನ್ನು ಕಂಡಕ್ಟರ್ ನಿರ್ಧರಿಸುತ್ತಾರೆ. ಆದ್ದರಿಂದ ಆರ್ಕೆಸ್ಟ್ರಾ, ಕಂಡಕ್ಟರ್, ವರ್ಷ ಈ ಮೂರನ್ನೂ ಮೊದಲು ನೋಡಿಕೊಳ್ಳಬೇಕು. ಕಾರಾಯಾನ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆಗೇ ಈ ಕೃತಿಯನ್ನು 1960, 70 ಮತ್ತು 80ರ ದಶಕಗಳಲ್ಲಿ ಬೇರೆಬೇರೆಯಾಗಿ ಮುದ್ರಿಸಿದ್ದಾರೆ. ‘ಕ್ಲೈಬರ್’ ಎಂದಷ್ಟೇ ಬರೆದಿದ್ದರೆ ಅದು ತಂದೆ ಎರಿಕ್ ಕ್ಲೈಬರ್ ಆಗಿರಬಹುದು, ಮಗ ಕಾರ್ಲೋಸ್ ಕ್ಲೈಬರ್ ಕೂಡ ಆಗಿರಬಹುದು. ಇಬ್ಬರೂ ಇದನ್ನು ಮುದ್ರಿಸಿದ್ದಾರೆ.

ವೇಗ ಹೋಲಿಸಲು ಹೆಚ್ಚಿನವರು ಟ್ರ್ಯಾಕ್‌ನ ಅವಧಿಯನ್ನು ನೋಡುತ್ತಾರೆ. ಇಲ್ಲೊಂದು ಮೋಸವಿದೆ. ಮೊದಲ ಚಲನೆಯಲ್ಲಿ 502 ಬಾರ್‌ಗಳಿವೆ. ಬಾರ್ ಎಂದರೆ ನಮ್ಮ ತಾಳದ ಒಂದು ಆವರ್ತದಂಥ ಅಳತೆ. ಅದರಲ್ಲಿ ಮೊದಲ 124 ಬಾರ್‌ಗಳನ್ನು ಎರಡು ಸಲ ನುಡಿಸಬೇಕೆಂದು ಬೀಥೋವನ್ ಗುರುತು ಹಾಕಿದ್ದಾನೆ. ಆಗ ಒಟ್ಟು 626. ಕೆಲವು ಕಂಡಕ್ಟರ್‌ಗಳು ಈ ಪುನರಾವರ್ತನೆಯನ್ನು ಬಿಟ್ಟುಬಿಡುತ್ತಾರೆ. ನಿಮಿಷಕ್ಕೆ 100 ಬಾರ್‌ನಂತೆ 626 ಬಾರ್ ನುಡಿಸಲು ಸುಮಾರು 6 ನಿಮಿಷ 16 ಸೆಕೆಂಡ್ ಬೇಕು. ನಿಮಿಷಕ್ಕೆ 80 ಬಾರ್‌ನಂತೆ 502 ಬಾರ್ ನುಡಿಸಲೂ ಹೆಚ್ಚುಕಡಿಮೆ ಅಷ್ಟೇ ಬೇಕು. ಅಂದರೆ ಚುರುಕಾದ ಒಂದು ರೆಕಾರ್ಡಿಂಗ್ ಮತ್ತು ನಿಧಾನದ ಇನ್ನೊಂದು ಪರದೆಯ ಮೇಲೆ ಒಂದೇ ಅವಧಿ ತೋರಿಸಬಹುದು. ಇದನ್ನು ಕಿವಿಯಿಂದಲೇ ಪತ್ತೆ ಮಾಡಬಹುದು. ಒಂದೂಕಾಲರಿಂದ ಒಂದೂವರೆ ನಿಮಿಷದ ಹೊತ್ತಿಗೆ ಸಂಗೀತ ಗಟ್ಟಿಯಾಗಿ ಬಂದು ನಿಲ್ಲುತ್ತದೆ. ಅಲ್ಲಿಂದ ಆರಂಭದ ಸಾಲೇ ಇದ್ದಂತೆ ಮತ್ತೆ ಬಂದರೆ ಪುನರಾವರ್ತನೆ ಇದೆ. ಆ ನಾಲ್ಕು ಸ್ವರಗಳು ಬೇರೆ ಶ್ರುತಿಯಲ್ಲಿ ಬಂದು ಹೊಸ ದಾರಿ ಹಿಡಿದರೆ ಇಲ್ಲ.

ಬೀಥೋವನ್ ತಾನೇ 1817ರಲ್ಲಿ ಮೆಟ್ರೊನೋಮ್ ಲೆಕ್ಕದಲ್ಲಿ ವೇಗವನ್ನು ಪ್ರಕಟಿಸಿದ: ಈ ಚಲನೆಗೆ ನಿಮಿಷಕ್ಕೆ 108 ಬಾರ್. ಆ ಲೆಕ್ಕಕ್ಕೆ 626 ಬಾರ್ ಆರು ನಿಮಿಷದೊಳಗೆ ಮುಗಿಯಬೇಕು. ನಿಲುಗಡೆಗಳ ಸಮಯ ಬೇರೆ. 1974ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಕಾರ್ಲೋಸ್ ಕ್ಲೈಬರ್ ಮುದ್ರಿಸಿದ ಪ್ರಸಿದ್ಧ ರೆಕಾರ್ಡಿಂಗ್‌ನಲ್ಲಿ ಪುನರಾವರ್ತನೆ ಸೇರಿ ಏಳು ನಿಮಿಷ ದಾಟುತ್ತದೆ. ಆದರೂ ಕೇಳುವಾಗ ಅದು ನಾಗಾಲೋಟದಲ್ಲಿ ಓಡುತ್ತಿರುವಂತೆ ಅನಿಸುತ್ತದೆ, ಏಕೆಂದರೆ ಗಿಡ್ಡ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳದೆ ಚುರುಕಾಗಿ ಬೀಳುತ್ತವೆ. ಹಾಗಾಗಿ ಗಡಿಯಾರವೊಂದನ್ನೇ ನಂಬಬಾರದು.

ಹೋಲಿಸುವಾಗ ನಾನು ಇಡೀ ಕೃತಿಯನ್ನು ಕೇಳುವುದಿಲ್ಲ. ಎರಡನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಮೂರು ಜಾಗಗಳನ್ನು ಆರಿಸಿಕೊಂಡು ಒಂದರ ಹಿಂದೆ ಒಂದು ಕೇಳುತ್ತೇನೆ. ಅದಕ್ಕೂ ಮೊದಲು ಎರಡರ ಧ್ವನಿಮಟ್ಟವನ್ನೂ ಒಂದೇ ಅಳತೆಗೆ ತರಬೇಕು. ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಎಂದು ಕಿವಿ ಸುಮ್ಮನೆ ಹೇಳಿಬಿಡುತ್ತದೆ.

ಮೊದಲ ಜಾಗ ಆರಂಭದ ಎರಡು ಸಾಲು. ಎರಡರ ಕೊನೆಯ ಸ್ವರದ ಮೇಲೂ ‘ಹಿಡಿದು ನಿಲ್ಲಿಸಿ’ ಎಂಬ ಗುರುತಿದೆ. ಆದರೆ ಎರಡನೆಯ ಸ್ವರವನ್ನು ಬೀಥೋವನ್ ಒಂದು ಬಾರ್ ಹೆಚ್ಚು ಉದ್ದವಾಗಿ ಬರೆದಿದ್ದಾನೆ. ಆ ವ್ಯತ್ಯಾಸ ಕಿವಿಗೆ ಸಿಗುತ್ತದೆಯೇ ಎಂದು ನೋಡಿ. ಮೂರು ಗಿಡ್ಡ ಸ್ವರಗಳು ಮೂರಾಗಿಯೇ ಬಿಡಿಬಿಡಿಯಾಗಿ ಕೇಳಬೇಕು. ಗುಡುಗಿನಂತೆ ಒಂದೇ ಆಗಿ ಉರುಳಿದರೆ ಆರ್ಕೆಸ್ಟ್ರಾ ಒಟ್ಟಿಗಿಲ್ಲ, ಇಲ್ಲವೇ ಮುದ್ರಣ ಮಸುಕಾಗಿದೆ.

ಎರಡನೆಯ ಜಾಗ ಹಾರ್ನ್ ಕೂಗು. ಮುಕ್ಕಾಲು ನಿಮಿಷದ ಆಸುಪಾಸಿನಲ್ಲಿ ಹಾರ್ನ್‌ಗಳು ಗಟ್ಟಿಯಾಗಿ ಕೂಗುತ್ತವೆ, ಆಮೇಲೆ ಪಿಟೀಲುಗಳು ಮೃದುವಾದ ಸಾಲೊಂದನ್ನು ಹಿಡಿಯುತ್ತವೆ. ಚಲನೆಯ ಉತ್ತರಾರ್ಧದಲ್ಲಿ ಓಬೋ ಎಂಬ ಊದುವಾದ್ಯ ಒಂಟಿಯಾಗಿ, ನಿಧಾನವಾಗಿ ಹಾಡುತ್ತದೆ. ಅದಾಗಿ ಅರ್ಧ ನಿಮಿಷದೊಳಗೆ ಅದೇ ಕೂಗು ಬೇರೆ ಶ್ರುತಿಯಲ್ಲಿ ಮರಳುತ್ತದೆ. ಅಲ್ಲಿ ಬೀಥೋವನ್ ಬರೆದಿರುವುದು ಹಾರ್ನ್‌ಗೆ ಅಲ್ಲ, ಬಸೂನ್ ಎಂಬ ಮರದ ವಾದ್ಯಕ್ಕೆ. ಕಾರಣ ಭೌತಶಾಸ್ತ್ರದ್ದು. ಆಗಿನ ಹಾರ್ನ್‌ಗೆ ಕವಾಟಗಳಿರಲಿಲ್ಲ. ನಾವು ತರಗತಿಯಲ್ಲಿ ಓದುವ ಕೊಳವೆಯ ಹಾರ್ಮೋನಿಕ್ಸ್ ಸ್ವರಗಳಷ್ಟೇ ಅದರಲ್ಲಿ ಸಲೀಸಾಗಿ ಹೊರಡುತ್ತಿದ್ದವು. ಶ್ರುತಿ ಬದಲಾದಾಗ ಈ ಕೂಗಿಗೆ ಬೇಕಾದ ಸ್ವರಗಳು ಅದೇ ಕೊಳವೆಯಲ್ಲಿ ಸಿಗುತ್ತಿರಲಿಲ್ಲ. ಈಗಿನ ಹಾರ್ನ್‌ಗೆ ಆ ತೊಂದರೆ ಇಲ್ಲವೆಂದು ಎಷ್ಟೋ ಕಂಡಕ್ಟರ್‌ಗಳು ಇಲ್ಲಿಯೂ ಹಾರ್ನ್ ಊದಿಸುತ್ತಾರೆ. ಬೀಥೋವನ್ ಕಾಲದ ಬಗೆಯ ವಾದ್ಯಗಳನ್ನು ಬಳಸಿದ ಜಾನ್ ಎಲಿಯಟ್ ಗಾರ್ಡಿನರ್ ಅವರ 1994ರ ರೆಕಾರ್ಡಿಂಗ್‌ನಲ್ಲಿ ಬಸೂನೇ ಇದೆ. ಬಸೂನ್‌ನ ಕೂಗು ಸ್ವಲ್ಪ ಒರಟು, ಕೆಲವರಿಗೆ ನಗೆ ತರಿಸಬಹುದು. ಹಾರ್ನ್‌ನದು ಭವ್ಯ. ಬರೆದದ್ದಕ್ಕೆ ನಿಷ್ಠೆಯೋ, ಬರೆದವನ ಮನಸ್ಸಿನಲ್ಲಿ ಇದ್ದಿರಬಹುದಾದದ್ದಕ್ಕೆ ನಿಷ್ಠೆಯೋ ಎಂಬ ಈ ವಾದ ಇನ್ನೂ ಮುಗಿದಿಲ್ಲ.

ಮೂರನೆಯ ಜಾಗ ಮೂರನೇ ಚಲನೆಯ ಕೊನೆ. ತಂತಿವಾದ್ಯಗಳು ಉಸಿರಿನಷ್ಟು ಮೆಲ್ಲಗೆ ಒಂದು ಸ್ವರ ಹಿಡಿದಿರುತ್ತವೆ, ಟಿಂಪನಿ ಡೋಲು ಎದೆಬಡಿತದಂತೆ ತಟ್ಟುತ್ತಿರುತ್ತದೆ. ಅರ್ಧ ನಿಮಿಷದಷ್ಟು ಕಾಯಿಸಿ, ಕೊನೆಯ ಕೆಲವೇ ಕ್ಷಣಗಳಲ್ಲಿ ಸದ್ದು ಏರಿ, ನಿಲ್ಲದೆ ನಾಲ್ಕನೇ ಚಲನೆಗೆ ನುಗ್ಗುತ್ತದೆ. ಟ್ರಾಂಬೋನ್‌ಗಳು ಈ ಸಿಂಫನಿಯಲ್ಲಿ ಬಾಯಿ ತೆರೆಯುವುದು ಅಲ್ಲೇ ಮೊದಲು. ಸದ್ದು ಬೇಗನೆ ಏರಿಬಿಟ್ಟರೆ ಆ ಸ್ಫೋಟಕ್ಕೆ ಏನೂ ಉಳಿಯುವುದಿಲ್ಲ. ಇಲ್ಲಿ ಎರಡು ಟ್ರ್ಯಾಕ್‌ಗಳ ನಡುವೆ ನಿಮ್ಮ ಆ್ಯಪ್ ಕ್ಷಣಕಾಲ ಮೌನ ತುಂಬಿದರೆ ಅದು ಆರ್ಕೆಸ್ಟ್ರಾದ ತಪ್ಪಲ್ಲ. ಟ್ರ್ಯಾಕ್‌ಗಳ ಕ್ರಮ ಬದಲಿಸುವ ಶಫಲ್ ಕೂಡ ಆಫ್ ಇರಲಿ.

ಹಾಗಾದರೆ ಯಾವುದು? ಒಂದನ್ನೇ ಕೇಳುವವರಿಗೆ ನಾನು ಕಾರ್ಲೋಸ್ ಕ್ಲೈಬರ್ ಅವರ 1974ರ ಮುದ್ರಣವನ್ನೇ ಹೇಳುತ್ತೇನೆ. ಬಿಗಿ, ಸ್ಪಷ್ಟತೆ, ಒಳ್ಳೆಯ ಧ್ವನಿಮುದ್ರಣ ಮೂರೂ ಅಲ್ಲಿವೆ. ಎರಡನೆಯದಾಗಿ ಗಾರ್ಡಿನರ್ ಕೇಳಿ. ಹಳೆಯ ವಾದ್ಯಗಳ ಒರಟು ಬಣ್ಣ, ಬೀಥೋವನ್ ಸೂಚಿಸಿದ ವೇಗಕ್ಕೆ ಹತ್ತಿರದ ಓಟ ತಿಳಿಯುತ್ತದೆ. ಮೂರನೆಯದಾಗಿ ಯುದ್ಧಾನಂತರ ಫುರ್ಟ್‌ವೆಂಗ್ಲರ್ ಬರ್ಲಿನ್‌ಗೆ ಮರಳಿದಾಗ, 1947ರ ಮೇ ತಿಂಗಳ ಕಛೇರಿಗಳಲ್ಲಿ ಮುದ್ರಣವಾದದ್ದು. ಮಾನೊ ಧ್ವನಿ, ಸಭಾಂಗಣದ ಸದ್ದು, ಬದಲಾಗುತ್ತ ಹೋಗುವ ವೇಗ. ಅಚ್ಚುಕಟ್ಟು ಬಯಸುವವರಿಗೆ ಹಿಡಿಸದು. ಅದನ್ನು ಮೊದಲನೆಯದಾಗಿ ಕೇಳಬೇಡಿ. ಮೊದಲೆರಡನ್ನು ಬಲ್ಲ ಕಿವಿಗೆ ಮಾತ್ರ, ಅದೇ ಸ್ವರಗಳಿಂದ ಆತ ಎಷ್ಟು ಬೇರೆಯದನ್ನು ಕಟ್ಟಿದ್ದಾನೆಂಬುದು ಕೇಳಿಸುತ್ತದೆ.